ಎಲ್ಲರೂ ‘ಹೌದು’ ಅಂದರೆ ಪ್ರಶ್ನೆಯನ್ನೇ ಅನುಮಾನಿಸಿ: ತರಗತಿ ಸರ್ವೆಗೆ ಪ್ರಶ್ನಾವಳಿ ಬರೆಯುವ ಬಗೆ

ಕೆಲವು ವರ್ಷಗಳ ಹಿಂದೆ ನನ್ನ ತರಗತಿಯ ಮಕ್ಕಳು ಶಾಲೆಯ ಲೈಬ್ರರಿ ಬಗ್ಗೆ ಒಂದು ಸರ್ವೆ ಮಾಡಿದರು. ತರಗತಿ ಮುಗಿದ ಮೇಲೆ ಇನ್ನೊಂದು ಗಂಟೆ ಲೈಬ್ರರಿ ತೆರೆದಿಡಬೇಕೇ ಎಂದು ತಿಳಿಯುವುದು ಅವರ ಉದ್ದೇಶ. ಹೆಚ್ಚುಕಮ್ಮಿ ಎಲ್ಲರೂ ‘ಹೌದು’ ಎಂದು ಬರೆದಿದ್ದರು. ಮಕ್ಕಳಿಗೆ ಖುಷಿಯೋ ಖುಷಿ. ನಾನೂ ಖುಷಿಯಿಂದಲೇ ಹಾಳೆಗಳನ್ನು ಎಣಿಸಿದೆ. ಒಂದು ವಾರ ಪ್ರಯೋಗಕ್ಕೆಂದು ಲೈಬ್ರರಿ ತೆರೆದಿಟ್ಟರೆ ಬಂದವರು ಬೆರಳೆಣಿಕೆಯಷ್ಟು. ಮಕ್ಕಳು ಸುಳ್ಳು ಹೇಳಿರಲಿಲ್ಲ, ನಮ್ಮ ಪ್ರಶ್ನೆಗಳೇ ಅವರಿಂದ ‘ಹೌದು’ ಅನ್ನಿಸಿದ್ದವು.

ಆ ಹಾಳೆಯನ್ನು ಇನ್ನೂ ಇಟ್ಟುಕೊಂಡಿದ್ದೇನೆ. ಅದನ್ನೇ ಮುಂದಿಟ್ಟುಕೊಂಡು ಒಂದೊಂದಾಗಿ ರಿಪೇರಿ ಮಾಡೋಣ. ಪ್ರಶ್ನೆಗಳು ಹೀಗಿದ್ದವು:

1. ನಿಮ್ಮ ಹೆಸರು ಮತ್ತು ಕಳೆದ ಪರೀಕ್ಷೆಯ ಅಂಕ?
2. ಓದುವ ಅಭ್ಯಾಸ ಒಳ್ಳೆಯದು ಎಂದು ಒಪ್ಪುತ್ತೀರಾ?
3. ಲೈಬ್ರರಿಗೆ ಬರೀ ಅರ್ಧ ಗಂಟೆ ಸಾಕಾಗುವುದಿಲ್ಲ ಅಲ್ಲವೇ?
4. ತರಗತಿ ಮುಗಿದ ಮೇಲೂ ಲೈಬ್ರರಿ ತೆರೆದಿರಬೇಕೇ?
5. ಲೈಬ್ರರಿ ಶಾಂತವಾಗಿಯೂ ಸ್ವಚ್ಛವಾಗಿಯೂ ಇದೆಯೇ?
6. ಹೊಸ ಪುಸ್ತಕಗಳಿಲ್ಲದ ಕಾರಣ ನೀವು ಲೈಬ್ರರಿಗೆ ಹೋಗುವುದಿಲ್ಲವೇ?
7. ನೀವು ಪದೇ ಪದೇ ಲೈಬ್ರರಿಗೆ ಹೋಗುತ್ತೀರಾ?

ಮೊದಲ ನೋಟಕ್ಕೆ ಅಷ್ಟೇನೂ ಕೆಟ್ಟದಾಗಿ ಕಾಣುವುದಿಲ್ಲ. ಅದೇ ತೊಂದರೆ.

ಮೊದಲು ಖಾಲಿ ಕೋಷ್ಟಕ, ಆಮೇಲೆ ಪ್ರಶ್ನೆ

ನಾವು ಮಾಡಿದ ಮೊದಲ ತಪ್ಪು, ಪ್ರಶ್ನೆಗಳಿಂದ ಶುರು ಮಾಡಿದ್ದು. ಈಗ ನಾನು ಮಕ್ಕಳಿಗೆ ಮೊದಲು ಒಂದು ಖಾಲಿ ಕೋಷ್ಟಕ ಬರೆಯಲು ಹೇಳುತ್ತೇನೆ. ಕೊನೆಗೆ ಗೋಡೆಗೆ ಅಂಟಿಸುವ ಕೋಷ್ಟಕ ಹೇಗಿರಬೇಕು? ನಮಗೆ ಬೇಕಿದ್ದದ್ದು ಇಷ್ಟು: ಈಗ ಎಷ್ಟು ಜನ ಲೈಬ್ರರಿಗೆ ಹೋಗುತ್ತಾರೆ, ಹೋಗದವರು ಯಾಕೆ ಹೋಗುವುದಿಲ್ಲ, ಸಂಜೆ ತೆರೆದರೆ ಎಷ್ಟು ಜನ ನಿಜವಾಗಿ ಬರುತ್ತಾರೆ. ಮೂರು ಕೋಷ್ಟಕ. ಅವುಗಳಲ್ಲಿ ಯಾವ ಮನೆಯನ್ನೂ ತುಂಬದ ಪ್ರಶ್ನೆ ಹಾಳೆಯಲ್ಲಿ ಇರಬಾರದು.

ಹೀಗೆ ನೋಡಿದ ತಕ್ಷಣ ಎರಡನೇ ಪ್ರಶ್ನೆ ಬಿದ್ದುಹೋಗುತ್ತದೆ. ಓದುವ ಅಭ್ಯಾಸ ಒಳ್ಳೆಯದಲ್ಲ ಎಂದು ಯಾರು ತಾನೇ ಬರೆಯುತ್ತಾರೆ? ಆ ಉತ್ತರದಿಂದ ನಮಗೇನೂ ಹೊಸದು ಗೊತ್ತಾಗುವುದಿಲ್ಲ. ಪರೀಕ್ಷೆಯ ಅಂಕವೂ ಹೋಗುತ್ತದೆ. ಅದನ್ನು ಸುಮ್ನೆ ಕೇಳಿದ್ದೆವು, ಅಷ್ಟೇ.

ಉತ್ತರವನ್ನು ಬಾಯಿಗಿಡುವ ಪ್ರಶ್ನೆ

ಮೂರನೇ ಪ್ರಶ್ನೆ ನೋಡಿ. ‘ಬರೀ ಅರ್ಧ ಗಂಟೆ ಸಾಕಾಗುವುದಿಲ್ಲ ಅಲ್ಲವೇ?’ ಇದು ಪ್ರಶ್ನೆಯ ವೇಷ ಹಾಕಿದ ಹೇಳಿಕೆ. ಕನ್ನಡದಲ್ಲಿ ಇಂಥ ಪ್ರಶ್ನೆ ಬರೆಯುವುದು ಬಹಳ ಸುಲಭ. ಯಾಕೆಂದರೆ ಒಂದೆರಡು ಅಕ್ಷರದಲ್ಲೇ ಕೆಲಸ ಮುಗಿದುಹೋಗುತ್ತದೆ. ಅಲ್ವಾ, ತಾನೇ, ಬರೀ, ಕೇವಲ, ‘ಇಷ್ಟಾದರೂ’, ‘ಇಲ್ಲವೇ ಇಲ್ಲ’. ಮಾತಿನಲ್ಲಿ ಇವು ಬೇಕು. ಪ್ರಶ್ನಾವಳಿಯಲ್ಲಿ ಪೆನ್ಸಿಲ್ ಹಿಡಿದು ಇವನ್ನೆಲ್ಲ ಸುತ್ತು ಹಾಕಿ, ಹೊಡೆದುಹಾಕಿ.

ಪದ ತೆಗೆದರೆ ಮಾತ್ರ ಸಾಲದು. ಪ್ರಶ್ನೆ ವಾಲಿದೆಯೇ ಎಂದು ತಿಳಿಯಲು ಅದನ್ನು ತಲೆಕೆಳಗು ಮಾಡಿ ಓದಿ. ‘ಅರ್ಧ ಗಂಟೆ ಸಾಕಲ್ಲವೇ?’ ಎಂದು ಕೇಳಿದರೆ ನಿಮ್ಮ ಗೆಳೆಯರು ಬೇರೆ ಉತ್ತರ ಕೊಡುತ್ತಾರೆ ಅನ್ನಿಸಿದರೆ, ಮೂಲ ಪ್ರಶ್ನೆಯೂ ವಾಲಿದೆ ಎಂದೇ ಅರ್ಥ. ರಿಪೇರಿ ಮಾಡುವಾಗ ಎರಡೂ ಕಡೆಯನ್ನು ಸಮವಾಗಿ ಇಡಬೇಕು: ‘ಈಗಿರುವ ಅರ್ಧ ಗಂಟೆಯ ಲೈಬ್ರರಿ ಸಮಯ ನಿಮಗೆ ಹೇಗಿದೆ? ಕಮ್ಮಿಯಾಗಿದೆ / ಸರಿಯಾಗಿದೆ / ಜಾಸ್ತಿಯಾಗಿದೆ.’

ನಾಲ್ಕನೇ ಪ್ರಶ್ನೆಯಲ್ಲಿ ವಾಲುವ ಪದ ಒಂದೂ ಇಲ್ಲ. ಆದರೂ ಅದು ಎಳೆಯುತ್ತದೆ. ‘ತೆರೆದಿರಬೇಕೇ?’ ಎಂದರೆ ಬೇಡ ಅನ್ನುವವರು ಯಾರು? ತೆರೆದಿಟ್ಟರೆ ಉತ್ತರ ಕೊಡುವವನಿಗೆ ಏನೂ ಖರ್ಚಿಲ್ಲ. ತಾನು ಬರದಿದ್ದರೂ ಬೇರೆಯವರು ಬರಲಿ ಎಂದುಕೊಳ್ಳುತ್ತಾನೆ. ನಾವು ಮೋಸ ಹೋದದ್ದು ಇಲ್ಲೇ. ನಮಗೆ ಬೇಕಾಗಿದ್ದು ‘ಬರುತ್ತೀರಾ’, ಕೇಳಿದ್ದು ‘ಬೇಕಾ’. ಹಾಗಾಗಿ ಅದನ್ನು ಹೀಗೆ ಬದಲಿಸಿದೆವು: ‘ಲೈಬ್ರರಿ ಸಂಜೆ 4ರಿಂದ 5ರವರೆಗೆ ತೆರೆದಿದ್ದರೆ, ಸಾಮಾನ್ಯ ವಾರದಲ್ಲಿ ನೀವು ಎಷ್ಟು ದಿನ ಬರಬಹುದು? ಒಂದು ದಿನವೂ ಇಲ್ಲ / 1 ದಿನ / 2 ದಿನ / 3 ಅಥವಾ ಹೆಚ್ಚು ದಿನ.’ ‘ಒಂದು ದಿನವೂ ಇಲ್ಲ’ ಎಂಬ ಆಯ್ಕೆ ಮೊದಲೇ ಇದೆ ನೋಡಿ. ಅದನ್ನು ಕೊನೆಗೆ ತಳ್ಳಿದರೆ ಅದು ಸೋಂಬೇರಿಗಳ ಉತ್ತರದಂತೆ ಕಾಣುತ್ತದೆ. ಇಷ್ಟಾದರೂ ಮುಂದೆ ಬರುವುದಾಗಿ ಬರೆಯುವವರು ನಿಜವಾಗಿ ಬರುವವರಿಗಿಂತ ಸಾಮಾನ್ಯವಾಗಿ ಜಾಸ್ತಿಯೇ ಇರುತ್ತಾರೆ. ಹಾಳೆಯಲ್ಲಿ ಸಿಕ್ಕ ಸಂಖ್ಯೆಯನ್ನು ಮೇಲಿನ ಮಿತಿ ಎಂದುಕೊಳ್ಳಿ.

ಪ್ರಶ್ನೆ ನೇರವಾಗಿದ್ದು, ಆಯ್ಕೆಗಳು ವಾಲುವುದೂ ಉಂಟು. ‘ತುಂಬಾ ಚೆನ್ನಾಗಿದೆ, ಚೆನ್ನಾಗಿದೆ, ಪರವಾಗಿಲ್ಲ, ಚೆನ್ನಾಗಿಲ್ಲ’ ಎಂಬ ನಾಲ್ಕು ಆಯ್ಕೆ ಕೊಟ್ಟರೆ ಹೊಗಳಲು ಎರಡು ದಾರಿ, ತೆಗಳಲು ಒಂದೇ ದಾರಿ. ಜೊತೆಗೆ ‘ಪರವಾಗಿಲ್ಲ’ ಎಂಬ ಪದ ಭಾರಿ ಮೋಸಗಾರ. ಕೆಲವರಿಗೆ ಅದು ‘ಚೆನ್ನಾಗೇ ಇದೆ’, ಕೆಲವರಿಗೆ ‘ಹೇಗೋ ಸುಧಾರಿಸಬಹುದು’. ನಾನು ಅದನ್ನು ಪ್ರಶ್ನಾವಳಿಯಲ್ಲಿ ಬಳಸುವುದನ್ನೇ ಬಿಟ್ಟಿದ್ದೇನೆ. ಎರಡು ಒಳ್ಳೆಯದು, ಎರಡು ಕೆಟ್ಟದ್ದು, ನಡುವೆ ಬೇಕಿದ್ದರೆ ‘ಚೆನ್ನಾಗಿಯೂ ಇಲ್ಲ, ಕೆಟ್ಟದಾಗಿಯೂ ಇಲ್ಲ’. ಉದ್ದವಾಯಿತು ನಿಜ, ಆದರೆ ಎಲ್ಲರಿಗೂ ಒಂದೇ ಅರ್ಥ ಬರುತ್ತದೆ.

ಒಂದು ಪ್ರಶ್ನೆಯ ಹೊಟ್ಟೆಯಲ್ಲಿ ಎರಡು

ಐದನೇ ಪ್ರಶ್ನೆಗೆ ಒಬ್ಬ ಹುಡುಗಿ ಅಂಚಿನಲ್ಲಿ ‘ಸ್ವಚ್ಛ ಇದೆ, ಶಾಂತ ಇಲ್ಲ’ ಎಂದು ಬರೆದಿದ್ದಳು. ಅವಳು ಬರೆದಳು, ಸರಿ. ಬೇರೆಯವರು ಏನು ಮಾಡಿರಬಹುದು? ಕೆಲವರು ಅರ್ಧ ಸತ್ಯಕ್ಕೆ ‘ಹೌದು’ ಅಂದಿರುತ್ತಾರೆ, ಕೆಲವರು ಉಳಿದರ್ಧಕ್ಕೆ ‘ಇಲ್ಲ’ ಅಂದಿರುತ್ತಾರೆ. ಹಾಳೆ ಕೈಗೆ ಬಂದ ಮೇಲೆ ಅವರನ್ನು ಬೇರ್ಪಡಿಸುವ ದಾರಿಯೇ ಇಲ್ಲ. ಇದನ್ನು ನಾವು ತರಗತಿಯಲ್ಲಿ ಜೋಡಿ ಪ್ರಶ್ನೆ ಅನ್ನುತ್ತೇವೆ.

ಪುಸ್ತಕಗಳಲ್ಲಿ ಸಾಮಾನ್ಯವಾಗಿ ‘ಮತ್ತು, ಅಥವಾ ಹುಡುಕಿ’ ಎಂದು ಹೇಳಿರುತ್ತಾರೆ. ಕನ್ನಡಕ್ಕೆ ಅದು ಸಾಕಾಗುವುದಿಲ್ಲ. ನಮ್ಮ ‘ಮತ್ತು’ ಪದದ ಬಾಲದಲ್ಲಿ ಅಡಗಿ ಕೂರುತ್ತದೆ. ‘ಶಾಂತವಾಗಿಯೂ ಸ್ವಚ್ಛವಾಗಿಯೂ’ ಎಂಬಲ್ಲಿ ‘ಮತ್ತು’ ಎಲ್ಲಿದೆ? ಎರಡು ‘ಊ’ಗಳಲ್ಲಿದೆ. ‘ಲೈಬ್ರರಿಗೆ ಹೋಗಿ ಪತ್ರಿಕೆ ಓದುತ್ತೀರಾ?’ ಎಂಬುದರಲ್ಲೂ ಎರಡು ಪ್ರಶ್ನೆಗಳಿವೆ. ಹೋಗಿ ಪತ್ರಿಕೆ ಓದದೆ ಕತೆಪುಸ್ತಕ ಓದುವವನು ಏನು ಬರೆಯಬೇಕು?

ಎಲ್ಲಕ್ಕಿಂತ ಕಷ್ಟದ್ದು ಆರನೇ ಪ್ರಶ್ನೆ. ‘ಹೊಸ ಪುಸ್ತಕಗಳಿಲ್ಲದ ಕಾರಣ ನೀವು ಲೈಬ್ರರಿಗೆ ಹೋಗುವುದಿಲ್ಲವೇ?’ ಇದರಲ್ಲಿ ಮೂರು ಸಂಗತಿಗಳಿವೆ. ಹೊಸ ಪುಸ್ತಕಗಳಿಲ್ಲ ಎಂಬುದು ಒಂದು, ನೀವು ಹೋಗುವುದಿಲ್ಲ ಎಂಬುದು ಇನ್ನೊಂದು, ಅದಕ್ಕೆ ಇದೇ ಕಾರಣ ಎಂಬುದು ಮತ್ತೊಂದು. ಒಂದನ್ನೂ ಕೇಳಿಲ್ಲ, ಮೂರನ್ನೂ ಹೇಳಿಬಿಟ್ಟಿದ್ದೇವೆ. ‘ಇಲ್ಲದ ಕಾರಣ’, ‘ಆದ್ದರಿಂದ’, ‘ಇಂದಾಗಿ’ ಎಂಬ ಪದಗಳು ಪ್ರಶ್ನೆಯಲ್ಲಿ ಕಂಡರೆ ಅಲ್ಲೇ ನಿಲ್ಲಿ.

ಜೋಡಿ ಪ್ರಶ್ನೆ ಹಿಡಿಯಲು ನಾನು ಬಳಸುವ ಪರೀಕ್ಷೆ ಇದು. ‘ಇಲ್ಲ’ ಎಂದು ಉತ್ತರ ಬಂದಿದೆ ಎಂದುಕೊಳ್ಳಿ. ಆ ‘ಇಲ್ಲ’ವನ್ನು ಒಂದು ಪೂರ್ತಿ ವಾಕ್ಯವಾಗಿ ಬರೆಯಿರಿ. ಒಂದಕ್ಕಿಂತ ಹೆಚ್ಚು ವಾಕ್ಯ ಬರೆಯಲು ಬಂದರೆ ಪ್ರಶ್ನೆಯನ್ನು ಒಡೆಯಿರಿ. ಆರನೇ ಪ್ರಶ್ನೆಗೆ ಬಂದ ‘ಇಲ್ಲ’ಕ್ಕೆ ನನ್ನ ಮಕ್ಕಳು ನಾಲ್ಕು ವಾಕ್ಯ ಬರೆದರು: ‘ಇಲ್ಲ, ನಾನು ಹೋಗುತ್ತೇನೆ’, ‘ಇಲ್ಲ, ನಾನು ಹೋಗುವುದಿಲ್ಲ’, ‘ಇಲ್ಲ, ಹೊಸ ಪುಸ್ತಕಗಳಿವೆ’, ‘ಇಲ್ಲ, ಹೋಗದಿರಲು ಬೇರೆ ಕಾರಣವಿದೆ’.

ಮೊದಲೆರಡನ್ನು ಮತ್ತೆ ಓದಿ. ಒಂದೇ ಪದಕ್ಕೆ ಪೂರ್ತಿ ಉಲ್ಟಾ ಅರ್ಥ. ‘ಹೋಗುವುದಿಲ್ಲವೇ?’ ಎಂದು ಕೇಳಿದರೆ ಒಬ್ಬ ‘ಹೌದು, ಹೋಗುವುದಿಲ್ಲ’ ಎಂದುಕೊಂಡು ಹೌದಿಗೆ ಟಿಕ್ ಹಾಕುತ್ತಾನೆ, ಇನ್ನೊಬ್ಬ ‘ಹೌದು, ಹೋಗುತ್ತೇನೆ’ ಎಂದುಕೊಂಡು ಅಲ್ಲೇ ಟಿಕ್ ಹಾಕುತ್ತಾನೆ. ಎದುರಿಗೆ ಮಾತಾಡುವಾಗ ಮುಖ ನೋಡಿ ಅರ್ಥ ಮಾಡಿಕೊಳ್ಳುತ್ತೇವೆ, ಕಾಗದಕ್ಕೆ ಮುಖ ಇಲ್ಲ. ‘ಇಲ್ಲವೇ’, ‘ಬಾರದೇ’, ‘ಬೇಡವೇ’ ಎಂದು ಮುಗಿಯುವ ಪ್ರಶ್ನೆಗಳನ್ನು ನೇರ ಪ್ರಶ್ನೆಗಳಾಗಿ ತಿರುಗಿಸಿಬಿಡಿ.

ಇದು ಮಕ್ಕಳ ತಪ್ಪು ಮಾತ್ರ ಎಂದುಕೊಳ್ಳಬೇಡಿ. 1992ರಲ್ಲಿ ಅಮೆರಿಕದ ಹೆಸರಾಂತ ಸರ್ವೆ ಸಂಸ್ಥೆ ರೋಪರ್ ಒಂದು ಪ್ರಶ್ನೆ ಕೇಳಿತು. ನಾಜಿಗಳು ಯಹೂದಿಗಳ ಸಾಮೂಹಿಕ ಹತ್ಯೆಯನ್ನು ನಡೆಸಲೇ ಇಲ್ಲ ಎಂಬುದು ನಿಮಗೆ ಸಾಧ್ಯ ಅನ್ನಿಸುತ್ತದೆಯೋ, ಅಸಾಧ್ಯ ಅನ್ನಿಸುತ್ತದೆಯೋ? ‘ಅಸಾಧ್ಯ’ ಮತ್ತು ‘ನಡೆಸಲೇ ಇಲ್ಲ’, ಎರಡು ನಿಷೇಧ ಒಂದೇ ವಾಕ್ಯದಲ್ಲಿ. ಶೇಕಡ 22ರಷ್ಟು ಜನ ‘ಸಾಧ್ಯ’ ಎಂದುಬಿಟ್ಟರು. ದೊಡ್ಡ ಗದ್ದಲವಾಯಿತು. 1994ರಲ್ಲಿ ಅದೇ ಸಂಸ್ಥೆ ವಾಕ್ಯವನ್ನು ಬಿಡಿಸಿ, ‘ನಡೆಯಲಿಲ್ಲ ಎಂಬುದು ಸಾಧ್ಯವೋ, ಅಥವಾ ನಡೆದಿದೆ ಎಂಬುದು ನಿಮಗೆ ಖಚಿತವೋ?’ ಎಂಬರ್ಥದಲ್ಲಿ ಕೇಳಿತು. ಆಗ ‘ಸಾಧ್ಯ’ ಅಂದವರು ಶೇಕಡ 1ರಷ್ಟು ಮಾತ್ರ.

ನಮ್ಮ ಆರನೇ ಪ್ರಶ್ನೆಯನ್ನು ಎರಡಾಗಿ ಒಡೆದೆವು. ಹೋಗುತ್ತೀರಾ ಎಂಬುದು ಒಂದು. ಹೋಗದವರಿಗೆ ಮಾತ್ರ, ಯಾಕೆ ಎಂಬುದು ಇನ್ನೊಂದು. ಏಳನೇ ಪ್ರಶ್ನೆಯೂ ಮೊದಲನೆಯದರೊಳಗೆ ಸೇರಿಹೋಯಿತು. ‘ಪದೇ ಪದೇ’ ಎಂದರೆ ಒಬ್ಬನಿಗೆ ದಿನಾ, ಇನ್ನೊಬ್ಬನಿಗೆ ತಿಂಗಳಿಗೊಮ್ಮೆ. ಅದರ ಬದಲು ‘ಕಳೆದ ಎರಡು ವಾರಗಳಲ್ಲಿ ಎಷ್ಟು ಸಲ?’ ಎಂದು ಕೇಳಿದೆವು. ಆ ಎರಡು ವಾರಗಳಲ್ಲಿ ರಜೆಯೋ ಪರೀಕ್ಷೆಯೋ ಇರಲಿಲ್ಲ ಎಂದು ಮೊದಲು ನೋಡಿಕೊಳ್ಳಿ.

ಯಾವುದರ ಹಿಂದೆ ಯಾವುದು

ಈಗ ಕ್ರಮದ ವಿಷಯ. ಇಲ್ಲಿ ಪ್ರಶ್ನೆಗಳನ್ನು ಒಂದೊಂದಾಗಿ ಎಷ್ಟು ಸಲ ಓದಿದರೂ ತಪ್ಪು ಕಾಣುವುದಿಲ್ಲ. ಓದು ಒಳ್ಳೆಯದು, ಹೌದು. ಸಮಯ ಸಾಲದು, ಹೌದು. ಹಾಗಾದರೆ ಸಂಜೆಯೂ ತೆರೆದಿರಬೇಕೇ? ಎರಡು ಸಲ ಹೌದು ಅಂದವನಿಗೆ ಮೂರನೇ ಸಲ ಬೇಡ ಅನ್ನಲು ಸಂಕೋಚ. ತಾನು ಈಗಷ್ಟೇ ಹೇಳಿದ ಮಾತಿಗೆ ತಾನೇ ಎದುರು ನಿಂತಂತೆ ಆಗುತ್ತದೆ.

ಇದರ ಬಲ ಎಷ್ಟಿರಬಹುದು ಎಂಬುದಕ್ಕೆ ಒಂದು ಹಳೆಯ ಪ್ರಯೋಗವಿದೆ. 1948ರಲ್ಲಿ ಹೈಮನ್ ಮತ್ತು ಶೀಟ್ಸ್‌ಲಿ ಎಂಬ ಸಂಶೋಧಕರು ಅಮೆರಿಕನ್ನರನ್ನು ಕೇಳಿದರು: ಕಮ್ಯುನಿಸ್ಟ್ ದೇಶಗಳ ಪತ್ರಕರ್ತರು ಇಲ್ಲಿಗೆ ಬಂದು, ತಾವು ಕಂಡಂತೆ ಸುದ್ದಿ ಕಳಿಸಲು ಬಿಡಬೇಕೇ? ಇದನ್ನೇ ಮೊದಲು ಕೇಳಿದಾಗ ‘ಬಿಡಬೇಕು’ ಅಂದವರು ಶೇಕಡ 36. ಬೇರೆ ಗುಂಪಿಗೆ ಮೊದಲು, ರಷ್ಯಾದಂಥ ದೇಶ ಅಮೆರಿಕದ ಪತ್ರಕರ್ತರನ್ನು ಒಳಗೆ ಬಿಡಬೇಕೇ ಎಂದು ಕೇಳಿ, ಆಮೇಲೆ ಈ ಪ್ರಶ್ನೆ ಕೇಳಿದರು. ಆಗ ಶೇಕಡ 73. ಪ್ರಶ್ನೆಯ ಒಂದು ಅಕ್ಷರವೂ ಬದಲಾಗಿರಲಿಲ್ಲ. ನಮ್ಮವರು ಅಲ್ಲಿಗೆ ಹೋಗಬೇಕು ಎಂದ ಮೇಲೆ, ಅವರು ಇಲ್ಲಿಗೆ ಬರಬಾರದು ಅನ್ನಲು ಬಾಯಿ ಬರಲಿಲ್ಲ, ಅಷ್ಟೇ.

ಹಾಗಾದರೆ ಸರಿಯಾದ ಕ್ರಮ ಯಾವುದು? ಮೊದಲು ನಡೆದದ್ದನ್ನು ಕೇಳಿ, ಆಮೇಲೆ ಅನ್ನಿಸಿದ್ದನ್ನು ಕೇಳಿ. ಎರಡು ವಾರದಲ್ಲಿ ಎಷ್ಟು ಸಲ ಹೋದಿರಿ ಎಂಬುದಕ್ಕೆ ನೆನಪು ಸಾಕು, ಅಭಿಪ್ರಾಯ ಬೇಕಿಲ್ಲ. ಅದು ಮೇಲೆ ಬರಲಿ. ಲೈಬ್ರರಿ ಬಗ್ಗೆ ಒಟ್ಟಾರೆ ಏನನ್ನಿಸುತ್ತದೆ ಎಂದು ಕೇಳುವುದಿದ್ದರೆ, ಶಬ್ದ, ಸ್ವಚ್ಛತೆ, ಪುಸ್ತಕ ಎಂದು ಬಿಡಿಬಿಡಿಯಾಗಿ ಕೇಳುವ ಮೊದಲೇ ಕೇಳಿ. ಗದ್ದಲದ ಬಗ್ಗೆ ಈಗಷ್ಟೇ ಬರೆದವನಿಗೆ ಒಟ್ಟಾರೆ ಅಭಿಪ್ರಾಯ ಕೇಳಿದರೆ ಕಿವಿಯಲ್ಲಿ ಆ ಗದ್ದಲವೇ ಇರುತ್ತದೆ.

ಮುಖ್ಯ ಪ್ರಶ್ನೆಗೆ ಮುಂಚೆ ಅದರ ಪರವಾಗಿಯೋ ವಿರೋಧವಾಗಿಯೋ ವಾದ ಮಾಡುವ ಯಾವ ಪ್ರಶ್ನೆಯೂ ಬರಬಾರದು. ನಮ್ಮ ಹೊಸ ಮೂರನೇ ಪ್ರಶ್ನೆ, ಅಂದರೆ ಸಮಯ ಕಮ್ಮಿಯೋ ಜಾಸ್ತಿಯೋ ಎಂಬುದು, ಈಗ ನೇರವಾಗಿದೆ. ಆದರೂ ಸಂಜೆಯ ಪ್ರಶ್ನೆಗಿಂತ ಮೊದಲು ಬಂದರೆ ಅದಕ್ಕೆ ದಾರಿ ಮಾಡಿಕೊಡುತ್ತದೆ. ಅದನ್ನು ಕೆಳಗೆ ಇಳಿಸಿದೆವು. ಹೆಸರು ಬೇಡವೇ ಬೇಡ. ಹೆಸರು ಬರೆದ ಕೈ ಆಮೇಲೆ ಜಾಣ ಉತ್ತರಗಳನ್ನೇ ಬರೆಯುತ್ತದೆ. ತರಗತಿ, ವಿಭಾಗ ಬೇಕಾದರೆ ಕೊನೆಯಲ್ಲಿ ಕೇಳಿ.

ಇನ್ನೊಂದು, ಯಾರಿಗೆ ಯಾವ ಪ್ರಶ್ನೆ ಅನ್ವಯಿಸುವುದಿಲ್ಲ ಎಂಬುದನ್ನೂ ನೋಡಿ. ಲೈಬ್ರರಿಗೆ ಕಾಲೇ ಇಡದವನು ಅಲ್ಲಿ ಶಾಂತವಾಗಿದೆಯೇ ಎಂಬುದಕ್ಕೂ ಉತ್ತರ ಬರೆಯುತ್ತಾನೆ. ಖಾಲಿ ಬಿಡಲು ಮಕ್ಕಳಿಗೆ ಭಯ. ಅವನಿಗೆ ‘ನೇರವಾಗಿ 5ನೇ ಪ್ರಶ್ನೆಗೆ ಹೋಗಿ’ ಎಂದು ದಾರಿ ತೋರಿಸಿ.

ರಿಪೇರಿಯಾದ ಹಾಳೆ

ಕೊನೆಗೆ ನಮ್ಮ ಪ್ರಶ್ನಾವಳಿ ಹೀಗಾಯಿತು:

1. ಕಳೆದ ಎರಡು ವಾರಗಳಲ್ಲಿ ನೀವು ಎಷ್ಟು ಸಲ ಲೈಬ್ರರಿಗೆ ಹೋದಿರಿ? ಒಂದು ಸಲವೂ ಇಲ್ಲ (5ನೇ ಪ್ರಶ್ನೆಗೆ ಹೋಗಿ) / 1–2 ಸಲ / 3–5 ಸಲ / 6 ಅಥವಾ ಹೆಚ್ಚು ಸಲ
2. ಒಟ್ಟಾರೆ ಲೈಬ್ರರಿ ನಿಮಗೆ ಹೇಗನ್ನಿಸಿತು? ತುಂಬಾ ಚೆನ್ನಾಗಿದೆ / ಚೆನ್ನಾಗಿದೆ / ಚೆನ್ನಾಗಿಲ್ಲ / ಸ್ವಲ್ಪವೂ ಚೆನ್ನಾಗಿಲ್ಲ
3. ನೀವು ಹೋದಾಗ ಅಲ್ಲಿ ಎಷ್ಟು ಶಬ್ದವಿತ್ತು? ಓದಲು ಆಗದಷ್ಟು / ಸ್ವಲ್ಪ / ಶಬ್ದವೇ ಇರಲಿಲ್ಲ
4. ನೀವು ಹೋದಾಗ ಮೇಜು, ಕುರ್ಚಿಗಳು ಹೇಗಿದ್ದವು? ಸ್ವಚ್ಛವಾಗಿದ್ದವು / ಕೊಳಕಾಗಿದ್ದವು / ಗಮನಿಸಲಿಲ್ಲ (ಇಲ್ಲಿಂದ 6ನೇ ಪ್ರಶ್ನೆಗೆ ಹೋಗಿ)
5. (ಹೋಗದವರಿಗೆ ಮಾತ್ರ) ಹೋಗದಿರಲು ಮುಖ್ಯ ಕಾರಣ ಏನು? ಒಂದು ಸಾಲಿನಲ್ಲಿ ಬರೆಯಿರಿ.
6. ಲೈಬ್ರರಿ ಸಂಜೆ 4ರಿಂದ 5ರವರೆಗೆ ತೆರೆದಿದ್ದರೆ, ಸಾಮಾನ್ಯ ವಾರದಲ್ಲಿ ಎಷ್ಟು ದಿನ ಬರಬಹುದು? ಒಂದು ದಿನವೂ ಇಲ್ಲ / 1 / 2 / 3 ಅಥವಾ ಹೆಚ್ಚು
7. ಈಗಿರುವ ಅರ್ಧ ಗಂಟೆಯ ಲೈಬ್ರರಿ ಸಮಯ ಹೇಗಿದೆ? ಕಮ್ಮಿ / ಸರಿಯಾಗಿದೆ / ಜಾಸ್ತಿ
8. ನಿಮ್ಮ ತರಗತಿ?

ಐದನೇ ಪ್ರಶ್ನೆಗೆ ಆಯ್ಕೆಗಳನ್ನು ಬೇಕೆಂದೇ ಕೊಟ್ಟಿಲ್ಲ. ‘ಹೊಸ ಪುಸ್ತಕಗಳಿಲ್ಲ’ ಎಂದು ನಾವೇ ಪಟ್ಟಿಯಲ್ಲಿ ಇಟ್ಟರೆ ಟಿಕ್ ಬೀಳುವುದು ಅದಕ್ಕೇ. ನಲವತ್ತು ಹಾಳೆಯಲ್ಲಿ ಒಂದೊಂದು ಸಾಲು ಓದುವುದು ದೊಡ್ಡ ಕೆಲಸವೇನಲ್ಲ. ನಾನೂರು ಹಾಳೆ ಇದ್ದರೆ ಮಾತು ಬೇರೆ. ಆಗ ಮೊದಲು ಮೂವತ್ತು ಜನರಿಂದ ಬರೆಸಿ, ಅವರು ಬರೆದ ಕಾರಣಗಳನ್ನೇ ಆಯ್ಕೆಗಳಾಗಿ ಇಡಿ.

ಹಂಚುವ ಮೊದಲು ಐದು ಜನರ ಮೇಲೆ ಪ್ರಯೋಗ

ಬೇರೆ ವಿಭಾಗದ ನಾಲ್ಕೈದು ಮಕ್ಕಳನ್ನು ಒಬ್ಬೊಬ್ಬರಾಗಿ ಕೂರಿಸಿ. ಮನಸ್ಸಿನಲ್ಲಿ ಬಂದದ್ದನ್ನು ಜೋರಾಗಿ ಹೇಳುತ್ತಾ ಉತ್ತರ ಬರೆಯಲು ಹೇಳಿ. ನೀವು ಬಾಯಿ ಬಿಡಬೇಡಿ. ಪ್ರಶ್ನೆಯನ್ನು ವಿವರಿಸಬೇಕು ಅನ್ನಿಸಿದರೆ ಆ ಪ್ರಶ್ನೆಯೇ ಸರಿಯಿಲ್ಲ. ಎಲ್ಲಿ ಪೆನ್ನು ನಿಂತಿತು, ಎಲ್ಲಿ ಎರಡು ಟಿಕ್ ಬಿತ್ತು, ಎಲ್ಲಿ ‘ಇದು ಹೆಂಗೆ ಹೇಳೋದು’ ಅಂದರು, ಗುರುತು ಮಾಡಿಕೊಳ್ಳಿ. ನಮ್ಮ ಆರನೇ ಪ್ರಶ್ನೆಯಲ್ಲಿ ಒಬ್ಬ ಹುಡುಗ ತಡವರಿಸಿದ: ‘ಬರೋಕೆ ಆಸೆ ಇದೆ, ಆದ್ರೆ ನಮ್ಮ ಬಸ್ಸು ನಾಲ್ಕೂ ಕಾಲಿಗೇ ಹೋಗುತ್ತೆ. ಏನಂತ ಬರೀಲಿ?’ ಅವನಿಂದಾಗಿ ಆರರ ಕೆಳಗೆ ಒಂದು ಸಾಲು ಸೇರಿತು: ‘ಒಂದು ದಿನವೂ ಇಲ್ಲ ಎಂದಾದರೆ: ಉಳಿಯಲು ಸಾಧ್ಯವಿಲ್ಲ / ಉಳಿಯಬಹುದು, ಆದರೆ ಇಷ್ಟವಿಲ್ಲ.’ ಈ ಎರಡಕ್ಕೆ ಪರಿಹಾರವೇ ಬೇರೆ ಬೇರೆ. ಪ್ರಯೋಗಕ್ಕೆ ಕೂತವರ ಉತ್ತರಗಳನ್ನು ಕೊನೆಯ ಲೆಕ್ಕಕ್ಕೆ ಸೇರಿಸಬೇಡಿ. ಅವರು ಉತ್ತರಿಸಿದ್ದು ಬೇರೆ ಹಾಳೆಗೆ.

ಕ್ರಮದ ಬಗ್ಗೆ ಇನ್ನೂ ಅನುಮಾನವಿದ್ದರೆ ಎರಡು ಬಗೆಯ ಹಾಳೆ ಮಾಡಿ. ಒಂದರಲ್ಲಿ 6 ಮೊದಲು, 7 ಆಮೇಲೆ. ಇನ್ನೊಂದರಲ್ಲಿ ತಿರುಗುಮುರುಗು. ಸಮ ಸಂಖ್ಯೆಯ ಹಾಜರಿ ನಂಬರಿನವರಿಗೆ ಒಂದು, ಬೆಸ ಸಂಖ್ಯೆಯವರಿಗೆ ಇನ್ನೊಂದು. ಗೆಳೆಯರ ಗುಂಪಿಗೆ ಒಂದೇ ಬಗೆ ಹೋಗದಂತೆ ಇದು ತಡೆಯುತ್ತದೆ. ಆದರೆ ಒಂದೊಂದು ಗುಂಪಿನಲ್ಲಿ 20 ಮಕ್ಕಳಿದ್ದರೆ ಒಬ್ಬ ಹುಡುಗ ಅಂದರೆ ಶೇಕಡ 5. ಒಂದರಲ್ಲಿ 9 ಜನ, ಇನ್ನೊಂದರಲ್ಲಿ 11 ಜನ ಬರುತ್ತೇವೆ ಅಂದರೆ ಅದು ಏನೂ ಅಲ್ಲ. 5 ಮತ್ತು 15 ಬಂದರೆ ಮಾತ್ರ ಕ್ರಮವೇ ಕೈಚಳಕ ತೋರಿಸಿದೆ ಎಂದು ಅನುಮಾನಿಸಿ. ಆಗ ಎರಡನ್ನೂ ಕೂಡಿಸಿ ಒಂದೇ ಸಂಖ್ಯೆ ಬರೆಯಬೇಡಿ, ಬೇರೆ ಬೇರೆಯಾಗಿಯೇ ತೋರಿಸಿ.

ಹಾಳೆಗಳನ್ನು ಲೈಬ್ರರಿ ನೋಡಿಕೊಳ್ಳುವವರ ಕೈಯಲ್ಲಿ ಹಂಚಿಸಬೇಡಿ. ಅವರ ಮುಂದೆ ‘ಸ್ವಲ್ಪವೂ ಚೆನ್ನಾಗಿಲ್ಲ’ಕ್ಕೆ ಟಿಕ್ ಹಾಕಲು ಧೈರ್ಯ ಬೇಕು. ಒಂದು ಡಬ್ಬ ಇಟ್ಟು, ಮಡಚಿ ಹಾಕಲು ಹೇಳಿದರೆ ಸಾಕು. ಅಂದು ಗೈರುಹಾಜರಾದವರು ಎಷ್ಟು ಎಂದು ಬರೆದಿಟ್ಟುಕೊಳ್ಳಿ. ಮತ್ತೆ, ಎಂಟೂ ಪ್ರಶ್ನೆ ಒಂದೇ ಮಗ್ಗುಲಲ್ಲಿ ಮುಗಿಯುವಂತೆ ಅಚ್ಚು ಹಾಕಿಸಿ. ನಮ್ಮ ಎರಡನೇ ಸರ್ವೆಯಲ್ಲಿ ಕೊನೆಯ ಎರಡು ಪ್ರಶ್ನೆ ಹಿಂಬದಿಗೆ ಹೋಗಿದ್ದವು. ಡಬ್ಬ ತೆರೆದಾಗ ಅರ್ಧದಷ್ಟು ಹಾಳೆಗಳ ಬೆನ್ನು ಖಾಲಿಯಾಗಿತ್ತು.